ಪಂಪಕ್ಕನ ಮೂವತ್ತನೆಯ ದಿನ

ಹೊಸಪೇಟೆಯ ರೈಲ್ವೆ ಕ್ವಾರ್ಟರ್ಸಿನವರಿಗೆ ಆದಾಯ ತೆರಿಗೆ ಅಂದರೆ ದಿಲ್ಲಿಯ ಸರಕಾರ ಅಲ್ಲ, ಪಂಪಕ್ಕ. ಗೇಟಿನ ಎದುರು ಹಿಟ್ಟಿನ ಗಿರಣಿ, ಗಿರಣಿಯ ಪಕ್ಕ ಹತ್ತಡಿ ಅಗಲದ ಕೋಣೆ, ಕೋಣೆಯೊಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಣಿಯಿಂದ ಹಾರಿ ಬಂದ ಜೋಳದ ಹಿಟ್ಟು ಮತ್ತು ಇವೆಲ್ಲದರ ನಡುವೆ ಪಂಪಕ್ಕ. ಹಿಟ್ಟು ದಿನಕ್ಕೆರಡು ಸಲ ಒರೆಸಬೇಕು. ಒರೆಸುವಾಗ ಎದುರಿಗೆ ಯಾರು ಕೂತಿದ್ದರೂ ಅವರಿಗೆ ಬೈಗುಳ ಗ್ಯಾರಂಟಿ.

ಇಪ್ಪತ್ತೇಳು ವರ್ಷದ ಹಿಂದೆ ಆಕೆ ಆಡಿಟರ್ ಒಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಈ ಕೆಲಸಕ್ಕೆ ಬಿದ್ದವಳು. ಆಗ ಎಲ್ಲ ಕಾಗದದಲ್ಲೇ. ಜುಲೈ ಕೊನೆಗೆ ಫಾರಂಗಳ ಕಟ್ಟು ಹೊತ್ತು ತೆರಿಗೆ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು, ಸೀಲು ಬಿದ್ದ ಚೀಟಿ ತರಬೇಕು. ಆಡಿಟರ್ ತೀರಿಕೊಂಡ ಮೇಲೆ ಗಿರಾಕಿಗಳು ಹೋಗಲಿಲ್ಲ, ಆಕೆಯ ಹಿಂದೆಯೇ ಬಂದರು. ಗಾಡಿ ಓಡಿಸುವವರು, ಹಳಿ ನೋಡುವವರು, ಆಸ್ಪತ್ರೆಯ ನರ್ಸುಗಳು, ಮೇಷ್ಟ್ರುಗಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಆಕೆಯ ಉತ್ತರ ಸಿದ್ಧ ಇರುತ್ತಿತ್ತು: ಮಾರ್ಚಿನಲ್ಲಿ ಪುರುಸೊತ್ತಿರಲಿಲ್ಲ, ಜುಲೈನಲ್ಲಿ ಪುರುಸೊತ್ತಿರಲಿಲ್ಲ, ಉಳಿದ ತಿಂಗಳಲ್ಲಿ ಒಳ್ಳೆಯ ಗಂಡು ಬರಲಿಲ್ಲ.

ಆಕೆಗೆ ಒಂದು ಜಂಬ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಇಷ್ಟು ವರ್ಷದಲ್ಲಿ ತನ್ನ ಕೈಯಿಂದ ಹೋದ ಒಂದು ರಿಟರ್ನೂ ಬಿದ್ದುಹೋಗಿಲ್ಲ ಎಂಬ ಜಂಬ. ಆ ಜಂಬಕ್ಕೆ ಏಟು ಬಿದ್ದದ್ದು ಆಗಸ್ಟ್ ಮೂವತ್ತರ ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ.

ಆ ಹೊತ್ತಿಗೆ ಹುಲಿಗೆಮ್ಮ ಬಂದಳು. ಗೂಡ್ಸ್ ಗಾಡಿಯ ಲೋಕೋ ಪೈಲಟ್ ಜಂಬಣ್ಣನ ಹೆಂಡತಿ. ಕ್ವಾರ್ಟರ್ಸಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು. ಈಗ ಮೇನ್ ಬಜಾರಿನಲ್ಲಿ ಮಳಿಗೆ ಹಿಡಿದು, ಮೋಟಾರಿನ ಎರಡು ಹೊಲಿಗೆ ಯಂತ್ರ ಗೊತ್ತುಮಾಡಿ, ದಸರೆಗೆ ಅಂಗಡಿ ತೆರೆಯಲು ತುದಿಗಾಲಲ್ಲಿ ನಿಂತಿದ್ದಳು. ಯಂತ್ರದ ದುಡ್ಡು ಅಂದರೆ ಗಂಡನಿಗೆ ವಾಪಸು ಬರಬೇಕಾದ ನಲವತ್ತಾರು ಸಾವಿರ ರೂಪಾಯಿ ತೆರಿಗೆ. ಅದನ್ನು ನಂಬಿಯೇ ಮಳಿಗೆಗೆ ಮುಂಗಡ ಕೊಟ್ಟಾಗಿತ್ತು. ದುಡ್ಡು ಯಾವಾಗ ಬರುತ್ತದೆ ಎಂದು ಕೇಳಲು ಬಂದವಳು ಕಂಕುಳಲ್ಲಿದ್ದ ಫೈಲಿನಿಂದ ಒಂದು ಹಾಳೆ ತೆಗೆದು, ಮಗುವಿನ ಜಾತಕ ಇಟ್ಟಹಾಗೆ, ಮೇಜಿನ ಮೇಲಿಟ್ಟಳು.

ಹಾಳೆ ಫಳಫಳ ಹೊಳೆಯುತ್ತಿತ್ತು. ಪಂಪಕ್ಕ ಮುಟ್ಟಿ ನೋಡಿದಳು. ಪ್ಲಾಸ್ಟಿಕ್. ನಾಲ್ಕೂ ಅಂಚು ಅಚ್ಚುಕಟ್ಟಾಗಿ ಲ್ಯಾಮಿನೇಷನ್ ಆಗಿತ್ತು.

"ಇದೇನವ್ವ ಇದು?"

"ನೀವ ಕೊಟ್ಟಿದ್ದಲ್ರೀ ಅಕ್ಕಾ, ಹೋದ ತಿಂಗಳು. ಸರಕಾರದ ಕಾಗದ, ಗೆರಿ ಗೆರಿ ಗುರುತು ಬ್ಯಾರೆ ಐತಿ. ಹರಿದುಗಿರಿದು ಹೋದೀತಂತ ಮೂವತ್ತು ರೂಪಾಯಿ ಕೊಟ್ಟು ಹಾಕಿಸೀನಿ."

ಪಂಪಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು. ಅದು ರಸೀದಿ ಅಲ್ಲ. ಸಹಿ ಮಾಡಿ ಬೆಂಗಳೂರಿಗೆ ಕಳಿಸಬೇಕಾದ ಪರಿಶೀಲನೆಯ ಫಾರಂ.

ಜುಲೈ ಮೂವತ್ತೊಂದರಂದು ನಡೆದದ್ದು ಆಕೆಗೆ ಚೆನ್ನಾಗಿ ನೆನಪಿತ್ತು. ಕೊನೆಯ ದಿನ, ಬಾಗಿಲ ಹೊರಗೂ ಜನ. ಜಂಬಣ್ಣನ ರಿಟರ್ನ್ ಸಲ್ಲಿಸಿ, ಅಲ್ಲೇ ಆಧಾರ್ ಓಟಿಪಿ ಹಾಕಿ ಮುಗಿಸೋಣ ಎಂದರೆ ಓಟಿಪಿ ಬರಲಿಲ್ಲ. ಆಧಾರಿನಲ್ಲಿ ಇದ್ದದ್ದು ಅವನು ಎರಡು ವರ್ಷದ ಹಿಂದೆಯೇ ಬಿಟ್ಟ ನಂಬರು. ಸರಿ, ಫಾರಂ ಪ್ರಿಂಟ್ ಹೊಡೆದು ಹುಲಿಗೆಮ್ಮನ ಕೈಗಿತ್ತು, ಗಂಡನಿಂದ ನೀಲಿ ಶಾಯಿಯಲ್ಲಿ ಸಹಿ ಹಾಕಿಸಿ ಸ್ಪೀಡ್ ಪೋಸ್ಟ್ ಮಾಡು ಎಂದು ಹೇಳಿದ್ದಳು. ಗದ್ದಲದಲ್ಲಿ ಹುಲಿಗೆಮ್ಮನ ಕಿವಿಗೆ ಬಿದ್ದದ್ದು ಕಾಗದ ಮುಖ್ಯ ಎಂಬಷ್ಟೇ. ಮುಖ್ಯವಾದ ಕಾಗದವನ್ನು ಏನು ಮಾಡಬೇಕೋ ಅದನ್ನೇ ಆಕೆ ಮಾಡಿದ್ದಳು. ಆ ಮನೆಯಲ್ಲಿ ಮದುವೆಯ ಕರೆಯೋಲೆಯೂ ಲ್ಯಾಮಿನೇಷನ್ ಆಗಿಯೇ ಇದೆ.

ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಪರಿಶೀಲನೆ ಬಾಕಿ ಎಂದು ಅದು ಯಾವ ನಾಚಿಕೆಯೂ ಇಲ್ಲದೆ ತೋರಿಸಿತು. ರಿಟರ್ನ್ ಸಲ್ಲಿಸಿದ ದಿನದಿಂದ ಮೂವತ್ತು ದಿನದೊಳಗೆ ಪರಿಶೀಲನೆ ಆಗಬೇಕು. ಹಿಂದೆ ನೂರಿಪ್ಪತ್ತು ದಿನ ಇತ್ತು, ಆ ಸುಖವನ್ನು ಯಾವಾಗಲೋ ಕಿತ್ತುಕೊಂಡಾಗಿತ್ತು. ಆಕೆ ಬೆರಳು ಮಡಿಸಿ ಎಣಿಸಿದಳು, ಮತ್ತೆ ಎಣಿಸಿದಳು. ಇವತ್ತೇ ಮೂವತ್ತನೆಯ ದಿನ.

ಹುಲಿಗೆಮ್ಮನಿಗೆ ವಿಷಯ ತಿಳಿಸುವಾಗ ಪಂಪಕ್ಕ ಬೈಯಲಿಲ್ಲ. ಆಕೆ ಬೈಯದೆ ಇದ್ದದ್ದು ನೋಡಿಯೇ ಹುಲಿಗೆಮ್ಮನಿಗೆ ಅಳು ಬಂತು. ಪರಿಶೀಲನೆ ಮಾಡದೇ ಬಿಟ್ಟರೆ ರಿಟರ್ನ್ ಕೊಟ್ಟೇ ಇಲ್ಲ ಎಂದು ಲೆಕ್ಕ. ದುಡ್ಡು ವಾಪಸು ಬರುವ ಮಾತೇ ಇಲ್ಲ. ನಾಳೆ ಮಾಡಿದರೆ? ನಾಳೆಯೇ ಸಲ್ಲಿಸಿದ ಹಾಗೆ, ಅಂದರೆ ಗಡುವು ದಾಟಿ. ಐದು ಸಾವಿರ ತಡದ ಶುಲ್ಕ ಒಂದು ಕಡೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ಮನೆ ಸಾಲದ ಬಡ್ಡಿ, ವಿಮೆ, ಭವಿಷ್ಯನಿಧಿ ಇವನ್ನೆಲ್ಲ ಕಳೆದು ಲೆಕ್ಕ ಹಾಕುವ ಹಳೆಯ ಪದ್ಧತಿ ಗಡುವಿನೊಳಗೆ ಕೊಟ್ಟವರಿಗೆ ಮಾತ್ರ. ತಡವಾದರೆ ಹೊಸ ಪದ್ಧತಿಯೇ ಗತಿ, ಅದರಲ್ಲಿ ಆ ಕಳೆಯುವುದು ಯಾವುದೂ ಇಲ್ಲ. ನಲವತ್ತಾರು ಸಾವಿರ ಆವಿಯಾಗಿ, ಉಲ್ಟಾ ಇವರೇ ಕಟ್ಟಬೇಕಾಗಿ ಬಂದರೂ ಬಂತು.

"ತಪ್ಪಾತು ಅಂತ ಅರ್ಜಿ ಕೊಟ್ರ ಕೇಳಂಗಿಲ್ಲೇನ್ರಿ?"

ಕೇಳುತ್ತಾರೆ, ತಡ ಮನ್ನಿಸಿ ಎಂದು ಕಾರಣ ಬರೆದು ಅರ್ಜಿ ಹಾಕಲು ದಾರಿ ಇದೆ ಎಂದಳು ಪಂಪಕ್ಕ. ಒಪ್ಪುವುದು ಬಿಡುವುದು ಅವರ ಕೈಯಲ್ಲಿ, ತಿಂಗಳುಗಟ್ಟಲೆ ಕಾಯಬೇಕು. ಹೆಂಡತಿ ಲ್ಯಾಮಿನೇಷನ್ ಮಾಡಿಸಿದಳು ಎಂದು ಕಾರಣ ಬರೆಯುವ ಧೈರ್ಯ ತನಗಿಲ್ಲ ಎಂದೂ ಸೇರಿಸಿದಳು.

ಜಂಬಣ್ಣ ಎಲ್ಲಿ? ಬೆಳಗಿನ ಜಾವ ಐದಕ್ಕೇ ಡ್ಯೂಟಿಗೆ ಹೋಗಿದ್ದ. ಅದಿರಿನ ಗಾಡಿ, ಹುಬ್ಬಳ್ಳಿಗೆ. ಫೋನು? ಇಂಜಿನ್ ಮೇಲೆ ಫೋನು ಬಂದ್ ಮಾಡಿ ಚೀಲದಲ್ಲಿಡಬೇಕು, ಅದು ಗಾಡಿ ಓಡಿಸುವವರ ಕಡ್ಡಾಯ. ಹುಬ್ಬಳ್ಳಿ ಮುಟ್ಟಿ ಡ್ಯೂಟಿ ಬಿಡುವ ತನಕ ಅವನು ಈ ಲೋಕದವನಲ್ಲ.

ಪಂಪಕ್ಕ ಒಂದೊಂದೇ ಬಾಗಿಲು ತಟ್ಟಿ ನೋಡಿದಳು. ಆಧಾರ್ ಓಟಿಪಿ ಸತ್ತ ನಂಬರಿಗೆ ಹೋಗುತ್ತದೆ. ನಂಬರು ಬದಲಿಸಬೇಕೆಂದರೆ ಅವನೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಒತ್ತಬೇಕು, ಆಮೇಲೆ ಎಷ್ಟು ದಿನವೋ. ನೆಟ್ ಬ್ಯಾಂಕಿಂಗ್ ಮೂಲಕ ಒಳಗೆ ಹೋಗಬಹುದು. ಜಂಬಣ್ಣ ಅದನ್ನು ತೆರೆದೇ ಇರಲಿಲ್ಲ. ಷೇರು ವ್ಯವಹಾರದವರಿಗೆ ಡಿಮ್ಯಾಟ್ ಖಾತೆಯ ಮೂಲಕವೂ ಕೋಡ್ ಸಿಗುತ್ತದೆ. ಇವನ ಷೇರು ಅಂದರೆ ಮಂಡಕ್ಕಿ ಅಳೆಯುವ ಸೇರು ಒಂದೇ. ಕಂಟ್ರಾಕ್ಟರುಗಳು ಬಳಸುವ ಡಿಜಿಟಲ್ ಸಹಿ ಗಂಟೆಯೊಳಗೆ ಆಗುವಂಥದ್ದಲ್ಲ. ಉಳಿದದ್ದು ಬ್ಯಾಂಕ್ ಖಾತೆಯ ಮೂಲಕ ಬರುವ ಕೋಡ್. ಅದಕ್ಕೆ ಬ್ಯಾಂಕಿನಲ್ಲಿರುವ ನಂಬರೂ ತೆರಿಗೆ ಜಾಲತಾಣದಲ್ಲಿರುವ ನಂಬರೂ ಒಂದೇ ಇರಬೇಕು. ಬ್ಯಾಂಕಿನಲ್ಲಿ ಜಂಬಣ್ಣನ ಹೊಸ ನಂಬರು. ಜಾಲತಾಣದಲ್ಲಿ?

ಇಲ್ಲಿ ಪಂಪಕ್ಕ ಗಕ್ಕನೆ ನಿಂತಳು. ಜಾಲತಾಣದಲ್ಲಿ ಇದ್ದದ್ದು ಆಕೆಯದೇ ನಂಬರು, ಅಂದರೆ ಆ ಬಾಗಿಲೂ ಮುಚ್ಚಿತ್ತು. ಪದೇ ಪದೇ ಸಿಮ್ ಬದಲಿಸುವ ಮೂವರು ಗಿರಾಕಿಗಳಿಂದ ಬೇಸತ್ತು ಅವರ ಹೆಸರಿಗೆ ತನ್ನ ನಂಬರನ್ನೇ ಹಾಕಿಬಿಟ್ಟಿದ್ದಳು, ಜಂಬಣ್ಣ ಅವರಲ್ಲೊಬ್ಬ. ಮಾಡಬಾರದ ಕೆಲಸ, ಇಂಥ ಕೋಣೆಗಳಲ್ಲೆಲ್ಲ ಮಾಡುವ ಕೆಲಸ. ಫೋನು ತೆಗೆದು ಹಳೆಯ ಸಂದೇಶಗಳನ್ನು ಸರಿಸುತ್ತ ಹೋದಳು. ಚಿನ್ನದ ಸಾಲ, ಸೀರೆಯ ರಿಯಾಯಿತಿ, ರೀಚಾರ್ಜ್, ಅವುಗಳ ನಡುವೆ ಆಗಸ್ಟ್ ಹನ್ನೆರಡನೆಯ ತಾರೀಕಿನದು ಒಂದು: ನಿಮ್ಮ ರಿಟರ್ನ್ ಇನ್ನೂ ಪರಿಶೀಲನೆಯಾಗಿಲ್ಲ. ತೆರೆದೇ ಇರಲಿಲ್ಲ.

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಇಪ್ಪತ್ತೇಳು ವರ್ಷದ ಜಂಬ ಎಲ್ಲಿ ಹೋಯಿತೋ. ಹುಲಿಗೆಮ್ಮ ಮಾಡಿದ್ದು ಒಂದು ತಪ್ಪಾದರೆ ತಾನು ಮಾಡಿದ್ದು ಎರಡು, ಮತ್ತು ತಾನು ತಿಳಿದವಳು.

ಅಷ್ಟರಲ್ಲಿ ಹುಲಿಗೆಮ್ಮ ಅಳುವುದು ಬಿಟ್ಟು ಉಪಾಯ ಹುಡುಕಿದ್ದಳು. ಇನ್ನೊಂದು ಪ್ರಿಂಟ್ ಹೊಡೆಯಿರಿ, ಅವರ ಸಹಿ ನಾನೇ ಹಾಕುತ್ತೇನೆ, ಶಾಲೆಯ ಪ್ರಗತಿಪತ್ರಕ್ಕೆಲ್ಲ ನಾನೇ ಹಾಕುವುದು ಎಂದಳು. ಪಂಪಕ್ಕನಿಗೆ ಈಗ ಬೈಗುಳ ಮರಳಿ ಬಂತು. ಪ್ರಗತಿಪತ್ರದ ಮೇಷ್ಟ್ರು ಬೇರೆ, ಇದು ಬೇರೆ. ಸುಳ್ಳು ಸಹಿ ಹಾಕಿ ಗಂಡನ ನೌಕರಿಗೆ ಸಂಚಕಾರ ತರುತ್ತೀಯಾ ಎಂದು ಗದರಿದಳು. ಅದೂ ಅಲ್ಲದೆ ಕಾಗದ ಬೆಂಗಳೂರು ಮುಟ್ಟಿದ ದಿನ ಲೆಕ್ಕಕ್ಕೆ ಬರುವುದು. ಇವತ್ತು ಅಂಚೆಗೆ ಹಾಕಿದರೆ ಇವತ್ತೇ ಮುಟ್ಟುವುದಿಲ್ಲ.

ಗದರಿದ ಮೇಲೆ ತಲೆ ಸ್ವಲ್ಪ ಓಡಿತು. ಎಟಿಎಂ. ಯಂತ್ರದೊಳಗೆ ಕಾರ್ಡ್ ಹಾಕಿ, ಆದಾಯ ತೆರಿಗೆಯ ಇ-ಫೈಲಿಂಗ್ ಪಿನ್ ಎಂಬ ಆಯ್ಕೆ ಒತ್ತಿದರೆ ಕೋಡ್ ಬರುತ್ತದೆ. ಎಲ್ಲ ಬ್ಯಾಂಕಿನವರು ಈ ಸೌಕರ್ಯ ಕೊಟ್ಟಿಲ್ಲ, ಜಂಬಣ್ಣನ ಸಂಬಳದ ಬ್ಯಾಂಕು ಕೊಟ್ಟಿದೆ. ಖಾತೆಗೆ ಪ್ಯಾನ್ ಜೋಡಣೆ ಆಗಿರಬೇಕು, ಆಗಿದೆ. ಆ ಕೋಡ್ ಹೋಗುವುದು ಬ್ಯಾಂಕಿನ ನಂಬರಿಗಲ್ಲ, ತೆರಿಗೆ ಜಾಲತಾಣದಲ್ಲಿರುವ ನಂಬರಿಗೆ. ಅಂದರೆ ಈ ಬೋರಲು ಬಿದ್ದ ಫೋನಿಗೆ.

"ಕಾರ್ಡ್ ಎಲ್ಲೈತಿ? ಮನಿಯೊಳಗೋ, ಅವನ ಹತ್ರಾನೋ?"

ಅವನ ಜೇಬಿನಲ್ಲೇ ಇತ್ತು. ಒಳ್ಳೆಯದೇ ಆಯಿತು ಎಂದಳು ಪಂಪಕ್ಕ. ಗುಟ್ಟಿನ ನಂಬರು ಅವನೇ ಒತ್ತಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಇನ್ನು ಅವನು ಹುಬ್ಬಳ್ಳಿಯಲ್ಲಿ ಇಳಿದು ಫೋನು ಹಚ್ಚಿದರೆ ಸಾಕು.

ಡ್ಯೂಟಿ ಹಂಚುವ ಕಚೇರಿಯಲ್ಲಿ ಖಾಜಾ ಸಾಹೇಬ ಎಂಬ ಗುಮಾಸ್ತರಿದ್ದರು, ಪಂಪಕ್ಕನ ಹಳೆಯ ಗಿರಾಕಿ. ಅವರಿಗೆ ಫೋನ್ ಮಾಡಿದಳು. ವಾಕಿಟಾಕಿಯಲ್ಲಿ ಒಂದು ಮಾತು ಹೇಳಿಸಿ ಎಂದು ಬೇಡಿದಳು. ಮನೆಗೆ ಬೆಂಕಿ ಬಿದ್ದಿದೆಯೇ ಎಂದು ಅವರು ಕೇಳಿದರು. ಇಲ್ಲ. ಹಾಗಾದರೆ ಗಾಡಿ ಓಡಿಸುವವನ ತಲೆಯೊಳಗೆ ತೆರಿಗೆ ತುಂಬುವುದಿಲ್ಲ ಎಂದರು. ಪಂಪಕ್ಕನಿಗೆ ಸಿಟ್ಟು ಬಂತು, ಮರುಕ್ಷಣ ಅವರು ಹೇಳಿದ್ದೇ ಸರಿ ಅನ್ನಿಸಿತು. ಗಾಡಿ ಕೊಪ್ಪಳ ದಾಟಿದೆ, ಎರಡು ಗಂಟೆಗೆ ಹುಬ್ಬಳ್ಳಿ. ಅಲ್ಲಿಯ ವಿಶ್ರಾಂತಿ ಕೋಣೆಯವರಿಗೆ, ಬಂದ ಕೂಡಲೇ ಮನೆಗೆ ಫೋನ್ ಮಾಡಲು ತಿಳಿಸಿ ಎಂದು ಹೇಳಿಡುತ್ತೇನೆ ಎಂದು ಸಾಹೇಬರು ಮಾತು ಕೊಟ್ಟರು.

ಎರಡು ಗಂಟೆ ಆಯಿತು. ಗೂಡ್ಸ್ ಗಾಡಿಯ ಎರಡು ಗಂಟೆಯನ್ನು ನಂಬಿ ಕೂತವರು ಹೊಸಪೇಟೆಯಲ್ಲಿ ಯಾರೂ ಇಲ್ಲ, ಆದರೂ ಇಬ್ಬರೂ ಕೂತರು. ಗದಗದ ಹತ್ತಿರ ಪಕ್ಕದ ಹಳಿಗೆ ಹಾಕಿ ನಿಲ್ಲಿಸಿದ್ದಾರೆ ಎಂದು ಖಾಜಾ ಸಾಹೇಬರಿಂದ ಸುದ್ದಿ ಬಂತು. ಪ್ಯಾಸೆಂಜರ್ ಹೋಗಬೇಕಂತೆ. ಆಮೇಲೆ ಎಕ್ಸ್‌ಪ್ರೆಸ್ ಹೋಗಬೇಕಂತೆ. ಅದಿರಿಗೇನು ಅವಸರ, ಕಲ್ಲು ತಾನೆ.

ಬಂದ ಗಿರಾಕಿಗಳನ್ನೆಲ್ಲ ಪಂಪಕ್ಕ ನಾಳೆ ಬನ್ನಿ ಎಂದು ಅಟ್ಟಿದಳು. ಗಿರಣಿ ನಿಂತಿತು, ಹಾರುತ್ತಿದ್ದ ಹಿಟ್ಟು ಇಳಿಯಿತು. ಮೂರು ಗಂಟೆಯ ಸುಮಾರಿಗೆ ಹುಲಿಗೆಮ್ಮ ತಲೆ ಬಗ್ಗಿಸಿ, ಎಲ್ಲ ನನ್ನಿಂದಲೇ ಆಯಿತು, ಓದಿದ್ದರೆ ಹೀಗಾಗುತ್ತಿರಲಿಲ್ಲ ಎಂದಳು. ಅದನ್ನು ಕೇಳಿ ಸುಮ್ಮನೆ ಕೂರಲು ಪಂಪಕ್ಕನಿಂದ ಆಗಲಿಲ್ಲ. ಫೋನು ತಿರುಗಿಸಿ ಆ ಸಂದೇಶ ತೋರಿಸಿದಳು.

"ನೋಡವ್ವ. ಹನ್ನೆರಡನೇ ತಾರೀಕಿಗೆ ನನಗ ಬಂದೈತಿ. ನಾ ನೋಡಿಲ್ಲ. ನಿನ್ನ ಕಾಗದ ಪ್ಲಾಸ್ಟಿಕ್‌ನಾಗ ಇತ್ತು, ನನ್ನ ಕಣ್ಣು ಎಲ್ಲಿತ್ತು?"

ಹುಲಿಗೆಮ್ಮ ಸಂದೇಶವನ್ನೂ ನೋಡಿದಳು, ಪಂಪಕ್ಕನನ್ನೂ ನೋಡಿದಳು. ಅಷ್ಟು ಹೊತ್ತು ಒತ್ತಿ ಹಿಡಿದದ್ದು ಈಗ ಬಾಯಿಗೆ ಬಂತು. "ಮುಂಜಾನಿಂದ ನಾನ ಪಾಪಿ ಅಂತ ಕುಂತೀನಿ, ಈಗ ಹೇಳ್ತೀರಿ? ಮಳಿಗಿ ಮುಂಗಡ ನನ್ನ ರವಕಿ ರೊಕ್ಕದ್ದು ಅಕ್ಕಾ. ಹನ್ನೊಂದು ವರ್ಷ ಹೊಲಿದೀನಿ."

ಪಂಪಕ್ಕ ಹೌದು ಎಂದಳು, ಅಷ್ಟೇ. ದುಡ್ಡು ಬರದೇ ಹೋದರೆ ಯಂತ್ರದ ಹಣ ತನ್ನ ಕೈಯಿಂದ ಕೊಡುವುದೆಂದು ಒಳಗೊಳಗೇ ಲೆಕ್ಕ ಹಾಕಿದಳು, ಲೆಕ್ಕ ಕೂಡಲಿಲ್ಲ. ಇದ್ದದ್ದರಲ್ಲಿ ಒಂದು ಯಂತ್ರ ಬರಬಹುದು, ಎರಡು ಬರುವುದಿಲ್ಲ.

ಹುಲಿಗೆಮ್ಮನ ಮೊಬೈಲಿಗೆ ಫೋನು ಬಂದದ್ದು ಐದೂ ಕಾಲಿಗೆ, ಎತ್ತಿದ್ದು ಪಂಪಕ್ಕ. ಹನ್ನೆರಡು ಗಂಟೆ ಇಂಜಿನ್ ಮೇಲಿದ್ದ ಗಂಡಸಿನ ದನಿ ಹೇಗಿರುತ್ತದೋ ಹಾಗೇ ಇತ್ತು, ಒಣಗಿದ ದನಿ. ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಮೊದಲು ಕೇಳಿದ. ಯಾರಿಗೂ ಏನೂ ಆಗಿಲ್ಲ ಎಂದು ಹೇಳಿ ಪಂಪಕ್ಕ ಒಂದೇ ಉಸಿರಿನಲ್ಲಿ ವಿಷಯ ತಿಳಿಸಿದಳು. ಅವನು ಪ್ರಶ್ನೆ ಕೇಳಲಿಲ್ಲ. ಸಿಗ್ನಲ್ ನೋಡಿ ಬದುಕಿದವನು, ಈಗ ಮಾಡುವುದೇನು ಎಂಬುದಷ್ಟೇ ಬೇಕಿತ್ತು. ಸ್ನಾನ, ಊಟ ಬಿಟ್ಟು ಡ್ಯೂಟಿಯ ಡಬ್ಬಿ ಚೀಲ ಹೊತ್ತುಕೊಂಡೇ ಹೊರಟ.

ಸ್ಟೇಷನ್ ಹತ್ತಿರದ ಎಟಿಎಂ ಕೆಟ್ಟು ಕೂತಿತ್ತು. ಅದೇ ಬ್ಯಾಂಕಿನ ಇನ್ನೊಂದು ಎಲ್ಲಿದೆ ಎಂದು ಆಟೋದವನನ್ನು ಕೇಳಿ ಹೋದ. ಅಲ್ಲಿ ದುಡ್ಡು ತೆಗೆಯುವವರ ಸಾಲು. ಸಾಲಿನಲ್ಲಿ ನಿಂತುಕೊಂಡೇ ಎರಡು ಸಲ ಫೋನ್ ಮಾಡಿದ, ಮುಂದಿರುವ ಮುದುಕ ಕಾರ್ಡ್ ತಿರುಗಾಮುರುಗಾ ಹಾಕುತ್ತಿದ್ದಾನೆ ಎಂದು. ಹೊಸಪೇಟೆಯ ಕೋಣೆಯಲ್ಲಿ ಹುಲಿಗೆಮ್ಮ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿದ್ದಳು. ಪಂಪಕ್ಕ ಜಾಲತಾಣ ತೆರೆದು, ಕೋಡ್ ನನ್ನ ಬಳಿ ಈಗಾಗಲೇ ಇದೆ ಎಂಬ ಆಯ್ಕೆ ಒತ್ತಿ, ಖಾಲಿ ಚೌಕವನ್ನೇ ದಿಟ್ಟಿಸುತ್ತಿದ್ದಳು.

"ಒಳಗ ಬಂದೆ ಅಕ್ಕಾ. ದುಡ್ಡು, ಬಾಕಿ, ಚೆಕ್ ಬುಕ್... ನೀವು ಹೇಳಿದ್ದು ಕಾಣವಲ್ದು."

"ಇತರೆ ಸೇವೆ ಅಂತ ಇರತೈತಿ ನೋಡಪ್ಪ, ಅದನ್ನ ಒತ್ತು. ಗಾಬರಿ ಆಗಬ್ಯಾಡ."

ಸ್ವಲ್ಪ ಹೊತ್ತು ಬರೀ ಯಂತ್ರದ ಪೀಪೀ ಸದ್ದು. ಸಿಕ್ಕಿತು ಎಂದ. ಒತ್ತಿದೆ ಎಂದ. ಪಂಪಕ್ಕನ ಫೋನು ಮೇಜಿನ ಮೇಲೆ ಒಮ್ಮೆ ನಡುಗಿತು.

ಹತ್ತು ಅಕ್ಷರ, ಅಂಕಿಯೂ ಅಕ್ಷರವೂ ಬೆರೆತದ್ದು. ಆಕೆ ಒಂದೊಂದೇ ಒತ್ತಿದಳು, ಹುಲಿಗೆಮ್ಮ ಪಕ್ಕದಲ್ಲಿ ನಿಂತು ತಾಳೆ ನೋಡಿದಳು. ಕೊನೆಯ ಗುಂಡಿ ಒತ್ತುವಾಗ ಪಂಪಕ್ಕ ದೇವರನ್ನು ನೆನೆಯಲಿಲ್ಲ, ಕರೆಂಟನ್ನು ನೆನೆದಳು. ತೆರೆ ಒಂದು ಗಳಿಗೆ ಬಿಳಿಯಾಯಿತು, ನಡುವೆ ಚಕ್ರ ಸುತ್ತಿತು. ಆಮೇಲೆ ಹಸಿರು ಗುರುತು, ಕೆಳಗೆ ವಹಿವಾಟಿನ ಸಂಖ್ಯೆ: ರಿಟರ್ನ್ ಯಶಸ್ವಿಯಾಗಿ ಪರಿಶೀಲನೆಯಾಗಿದೆ. ಸಲ್ಲಿಸಿದ ದಿನಾಂಕ ಜುಲೈ ಮೂವತ್ತೊಂದು, ಇದ್ದಲ್ಲೇ ಇತ್ತು.

ಹುಲಿಗೆಮ್ಮ ಆಯಿತೇನು ಎಂದು ಕೇಳಿದಳು. ಆಯಿತು. ಮಳಿಗೆ? ನಿನ್ನದೇ. ಯಂತ್ರ? ಎರಡೂ. ಇನ್ನು ಲೆಕ್ಕ ನೋಡಿ ದುಡ್ಡು ಖಾತೆಗೆ ಹಾಕುವುದು ಅವರ ಕೆಲಸ, ನಮ್ಮ ಕೆಲಸ ಮುಗಿಯಿತು ಎಂದಳು ಪಂಪಕ್ಕ. ಹುಲಿಗೆಮ್ಮ ಕುರ್ಚಿಯಲ್ಲಿ ಕುಸಿದು ನಗತೊಡಗಿದಳು, ನಗುವಿನ ನಡುವೆ ಮೂಗು ಒರೆಸಿಕೊಂಡಳು. ಪಂಪಕ್ಕನಿಗೆ ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದ ಹಾಗಾಯಿತು.

ಜಂಬಣ್ಣ ಇನ್ನೂ ಫೋನಿನಲ್ಲೇ ಇದ್ದ. ಸುಳ್ಳು ಹೇಳಿ ಹೊಗಳಿಸಿಕೊಳ್ಳುವುದು ಬೇಡ ಅನ್ನಿಸಿ ಪಂಪಕ್ಕ ಅವನಿಗೂ ಹೇಳಿಬಿಟ್ಟಳು: ಸಂದೇಶ ಬಂದಿತ್ತು, ನಾನು ನೋಡಲಿಲ್ಲ, ನಿನ್ನ ಹೆಂಡತಿಯದು ತಪ್ಪಲ್ಲ. ನೀನು ಊರಿಗೆ ಬಂದ ಕೂಡಲೇ ನಿನ್ನ ನಂಬರೇ ಹಾಕುತ್ತೇನೆ, ಆಧಾರಿಗೂ ಅದನ್ನೇ ಹಾಕಿಸು. ಅವನು ಬೈದರೆ ಬೈಸಿಕೊಳ್ಳಲು ಆಕೆ ತಯಾರಾಗಿದ್ದಳು. ಇಪ್ಪತ್ತೇಳು ವರ್ಷದಿಂದ ಎಲ್ಲರಿಗೂ ಬೈದವಳು, ಒಂದು ದಿನ ಕೇಳಿದರೇನು.

ಆ ಕಡೆ ಬಸ್ಸು, ಆಟೋಗಳ ಸದ್ದು. ಆಮೇಲೆ ಅವನ ದನಿ.

"ಅದಿರ್ಲಿ ಅಕ್ಕಾ. ಮುಂಜಾನಿಂದ ನೀವಿಬ್ರೂ ಏನರ ತಿಂದೀರೋ ಇಲ್ಲೋ?"

ಹನ್ನೆರಡು ಗಂಟೆ ಗಾಡಿ ಓಡಿಸಿ, ಊಟ ಬಿಟ್ಟು, ಡಬ್ಬಿ ಕೈಯಲ್ಲಿ ಹಿಡಿದು ಬೇರೆ ಊರಿನ ರಸ್ತೆಯಲ್ಲಿ ನಿಂತವನು ಇದನ್ನು ಕೇಳಿದ್ದ. ಪಂಪಕ್ಕ ಫೋನನ್ನು ಹುಲಿಗೆಮ್ಮನ ಕೈಗೆ ಕೊಟ್ಟು, ಕಣ್ಣಿಗೆ ಹಿಟ್ಟು ಬಿತ್ತು ಎಂದು ಹೇಳಿ ಹೊರಗೆ ಬಂದಳು. ಗಿರಣಿ ಮೂರು ಗಂಟೆಗೂ ಮೊದಲೇ ನಿಂತಿತ್ತು.